ಓಡುವ ಹಾಳೆ ಕತ್ತರಿಸುವ ಮೆಷಿನ್‌ನಲ್ಲಿ ತುಂಡಿನ ಉದ್ದ ತಪ್ಪುತ್ತಿದ್ದರೆ: ಕ್ಯಾಮ್ ಪ್ರೊಫೈಲ್‌ನ ದೋಷ ಹುಡುಕುವ ಬಗೆ

ಹಾಳೆ ನಿಲ್ಲದೆ ಓಡ್ತಾ ಇರುತ್ತೆ, ಮೇಲೆ ಒಂದು ಡ್ರಮ್ ತಿರುಗುತ್ತೆ, ಅದರ ಮೇಲಿನ ಬ್ಲೇಡ್ ಕೆಳಗೆ ಬಂದಾಗಲೆಲ್ಲ ಒಂದು ತುಂಡು ಬೀಳುತ್ತೆ. ಡ್ರಮ್ಮನ್ನು ತಿರುಗಿಸೋದು ಸರ್ವೋ ಮೋಟರ್. ಹಾಳೆ ಎಷ್ಟು ಮುಂದೆ ಹೋಯಿತು ಅಂತ ಹೇಳೋದು ಹಾಳೆ ಮೇಲೆ ಒತ್ತಿ ಕೂತ ಅಳತೆ ಚಕ್ರ ಮತ್ತು ಅದರ ತಿರುಗುವಿಕೆ ಎಣಿಸುವ ಎನ್‌ಕೋಡರ್. ಹಾಳೆಯ ಜಾಗ ಮಾಸ್ಟರ್, ಬ್ಲೇಡಿನ ಜಾಗ ಸ್ಲೇವ್. ಇವೆರಡನ್ನೂ ಕಟ್ಟಿಹಾಕುವ ವಕ್ರರೇಖೆಯೇ ಎಲೆಕ್ಟ್ರಾನಿಕ್ ಕ್ಯಾಮ್. ಬ್ಲೇಡ್ ಹಾಳೆಗೆ ತಾಗಿರುವಷ್ಟು ಹೊತ್ತು ಎರಡರ ವೇಗವೂ ಒಂದೇ ಇರಬೇಕು. ಅದನ್ನೇ ಸಿಂಕ್ ವಲಯ ಅಂತೀವಿ. ಉಳಿದ ದಾರಿಯಲ್ಲಿ ಬ್ಲೇಡ್ ಓಡಬೇಕೋ ನಿಧಾನ ಆಗಬೇಕೋ ಅನ್ನೋದನ್ನು ತುಂಡಿನ ಉದ್ದ ನಿರ್ಧರಿಸುತ್ತೆ.

ಈ ಮೆಷಿನ್‌ನಲ್ಲಿ ಉದ್ದ ತಪ್ಪಿದ ತಕ್ಷಣ ಎಲ್ಲರೂ ಮೊದಲು ಮಾಡುವ ಕೆಲಸ ಒಂದೇ. ಪರದೆಯಲ್ಲಿ ಉದ್ದವನ್ನೋ ಚಕ್ರದ ಸುತ್ತಳತೆಯನ್ನೋ ಸ್ವಲ್ಪ ತಿದ್ದುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ವೇಗದಲ್ಲಿ ಸರಿಹೋದ ಹಾಗೆ ಕಾಣುತ್ತೆ, ಇನ್ನೊಂದು ವೇಗದಲ್ಲಿ ಕೆಡುತ್ತೆ, ಆಮೇಲೆ ಮೂಲ ಸಂಖ್ಯೆ ಏನಿತ್ತು ಅನ್ನೋದೂ ಯಾರಿಗೂ ನೆನಪಿರಲ್ಲ. ನಾನು ಕೆಳಗೆ ಹೇಳುವ ಕೇಸ್ ಶುರುವಾಗಿದ್ದೂ ಇಂಥ ತಿದ್ದುಪಡಿಯಿಂದಲೇ.

ಮೊದಲು ಒಂದು ಮಾತು ತಲೆಯಲ್ಲಿ ಕೂರಬೇಕು

ತುಂಡಿನ ಉದ್ದ ಅಂದ್ರೆ ಎರಡು ಕಟ್‌ಗಳ ನಡುವಿನ ಅಂತರ. ಇಷ್ಟು ಸರಳ ಮಾತು, ಆದರೆ ದೋಷ ಹುಡುಕುವಾಗ ಇದನ್ನೇ ಮರೀತೀವಿ. ಬ್ಲೇಡ್ ಪ್ರತಿ ಸಲವೂ 10 ಮಿ.ಮೀ. ತಡವಾಗಿ ಕತ್ತರಿಸಿತು ಅಂತ ಇಟ್ಟುಕೊಳ್ಳಿ. ಮೊದಲ ಕಟ್ 10 ತಡ, ಎರಡನೆಯದೂ 10 ತಡ, ಮೂರನೆಯದೂ ಹಾಗೇ. ಕಟ್‌ಗಳ ನಡುವಿನ ಅಂತರ ಬದಲಾಗೋದೇ ಇಲ್ಲ, ತುಂಡು ಸರಿಯಾಗೇ ಬರುತ್ತೆ. ಹಾಳೆ ಮೇಲೆ ಅಚ್ಚಿನ ಗುರುತು ಇದ್ದು ಅದಕ್ಕೆ ಸರಿಯಾಗಿ ಕತ್ತರಿಸಬೇಕಾದರೆ ಮಾತ್ರ ಈ 10 ಮಿ.ಮೀ. ಕಣ್ಣಿಗೆ ಬೀಳುತ್ತೆ. ಬರೀ ಉದ್ದ ನೋಡುವ ಕೆಲಸದಲ್ಲಿ ಅದು ಅಡಗಿ ಕೂತಿರುತ್ತೆ.

ಹಾಗಾದರೆ ಉದ್ದ ಯಾವಾಗ ತಪ್ಪುತ್ತೆ? ತಡ ಬದಲಾದಾಗ. ಹಿಂದಿನ ಕಟ್ 10 ತಡ, ಈ ಕಟ್ 10.5 ತಡ ಆದರೆ ತುಂಡು 0.5 ಉದ್ದ. ಅಥವಾ ಅಳತೆಯೇ ತಪ್ಪಿದ್ದಾಗ, ಅಂದ್ರೆ ಚಕ್ರ ಸವೆದಿದ್ದರೆ, ಸುತ್ತಳತೆಯನ್ನು ತಪ್ಪಾಗಿ ತುಂಬಿದ್ದರೆ. ಆಗ ಎಲ್ಲ ವೇಗದಲ್ಲೂ ಒಂದೇ ಶೇಕಡಾವಾರು ತಪ್ಪು ಬರುತ್ತೆ. 300 ಮಿ.ಮೀ. ತುಂಡಿನಲ್ಲಿ 0.15 ತಪ್ಪಿದರೆ 600 ಮಿ.ಮೀ. ತುಂಡಿನಲ್ಲಿ 0.3. ಸುತ್ತಳತೆ ತಿದ್ದೋದಕ್ಕೆ ಅರ್ಹವಾದ ದೋಷ ಅದೊಂದೇ.

ಇನ್ನು ಕಟ್ ಆಗುವ ಆ ಕೆಲವು ಮಿಲಿಸೆಕೆಂಡ್‌ಗಳಲ್ಲಿ ಬ್ಲೇಡಿನ ವೇಗ ಸರಿ ಇದೆಯೋ ಇಲ್ಲವೋ ಅನ್ನೋದನ್ನು ಉದ್ದ ಹೇಳಲ್ಲ. ತುಂಡಿನ ಅಂಚು ಹೇಳುತ್ತೆ. ಬ್ಲೇಡ್ ನಿಧಾನ ಇದ್ದರೆ ಹಿಂದಿನಿಂದ ಬರುವ ಹಾಳೆ ಅದಕ್ಕೆ ಡಿಕ್ಕಿ ಹೊಡೆದು ಉಬ್ಬುತ್ತೆ, ಮುಂದಿನ ತುಂಡಿನ ತಲೆ ಅಂಚಿನಲ್ಲಿ ಸುಕ್ಕು ಬೀಳುತ್ತೆ. ಬ್ಲೇಡ್ ಜೋರಾಗಿದ್ದರೆ ಹಾಳೆಯನ್ನು ಎಳೆದು ಹರಿದ ಹಾಗೆ ಅಂಚು ನಾರುನಾರಾಗುತ್ತೆ. ಹಾಗಾಗಿ ಉದ್ದ ಮತ್ತು ಅಂಚು ಎರಡನ್ನೂ ಬೇರೆ ಬೇರೆ ಸಾಕ್ಷಿಗಳ ಹಾಗೆ ಕೇಳಬೇಕು.

ಕೇಸ್

ಮೆಷಿನ್‌ನ ವಿವರ ಹೀಗಿತ್ತು. ಡ್ರಮ್ ಮೇಲೆ ಒಂದೇ ಬ್ಲೇಡ್, ನೇರವಾದದ್ದು. ಬ್ಲೇಡಿನ ತುದಿ ಸುತ್ತುವ ವೃತ್ತದ ಸುತ್ತಳತೆ 480 ಮಿ.ಮೀ. ಅರ್ಧ ಮಿ.ಮೀ. ದಪ್ಪದ ರಟ್ಟು. ಬೇಕಾದ ತುಂಡು 320 ಮಿ.ಮೀ., ಹೆಚ್ಚುಕಮ್ಮಿ 0.3 ತನಕ ಪರವಾಗಿಲ್ಲ. ಅಳತೆ ಚಕ್ರದ ಸುತ್ತಳತೆ 400. ಲೈನ್ ನಿಮಿಷಕ್ಕೆ 120 ಮೀಟರ್ ಓಡಬೇಕು, ಅಂದ್ರೆ ಸೆಕೆಂಡಿಗೆ 2 ಮೀಟರ್.

ದೂರು ಹೀಗಿತ್ತು: ಲೈನ್ ಶುರು ಮಾಡಿದಾಗ ಮೊದಲ ಹತ್ತು ಹದಿನೈದು ತುಂಡು ಉದ್ದ ಬರುತ್ತೆ, 120ಕ್ಕೆ ಹೋದರೆ ಉದ್ದ ಚೆಲ್ಲಾಪಿಲ್ಲಿ ಆಗುತ್ತೆ, ಅಂಚು ಸುಕ್ಕಾಗುತ್ತೆ, ಮಧ್ಯದ ವೇಗದಲ್ಲಿ ಎಲ್ಲ ತುಂಡೂ ಸಮ ಬರುತ್ತೆ ಆದರೆ ಚೂರು ಗಿಡ್ಡ. ಪರದೆ ನೋಡಿದರೆ ಉದ್ದ 319.6 ಅಂತ ತುಂಬಿದ್ದರು. ಶುರುವಿನ ತುಂಡುಗಳು ಉದ್ದ ಬರುತ್ತವೆ ಅಂತ ಯಾರೋ ಹಿಂದಿನ ಪಾಳಿಯಲ್ಲಿ ಇಳಿಸಿದ್ದರು. ಸಹಜವಾಗಿ ಮಧ್ಯದ ವೇಗದ ತುಂಡುಗಳೆಲ್ಲ 0.4 ಗಿಡ್ಡ. ಮೊದಲ ಕೆಲಸ ಅದನ್ನು 320ಕ್ಕೆ ವಾಪಸ್ ತಂದಿದ್ದು. ತಿದ್ದಿದ ಸಂಖ್ಯೆ ಹಾಗೇ ಇಟ್ಟುಕೊಂಡು ದೋಷ ಹುಡುಕೋಕೆ ಹೋದರೆ ಎರಡು ದೋಷ ಒಂದರ ಮೇಲೊಂದು ಕೂತು ಏನೂ ತಿಳಿಯಲ್ಲ.

ಆಮೇಲೆ ಸ್ಥಿರ ವೇಗದಲ್ಲಿ, ನಿಮಿಷಕ್ಕೆ 60 ಮೀಟರ್‌ನಲ್ಲಿ, 30 ತುಂಡು ಹಿಡಿದೆವು. ಬೀಳುವ ಕ್ರಮದಲ್ಲೇ ಪೆನ್ಸಿಲ್‌ನಿಂದ ನಂಬರ್ ಹಾಕಿ, ಅದೇ ಕ್ರಮದಲ್ಲಿ ಅಳೆದು, ಕಾಗದದ ಮೇಲೆ ಚುಕ್ಕಿ ಇಟ್ಟು ನೋಡಿದೆವು. ನಂಬರ್ ಹಾಕೋದು ಬಹಳ ಮುಖ್ಯ. ಸುಮ್ನೆ ರಾಶಿಯಿಂದ ಹತ್ತು ತುಂಡು ಎತ್ತಿ ಅಳೆದರೆ ಏರುಪೇರು ಎಷ್ಟಿದೆ ಅಂತ ಗೊತ್ತಾಗುತ್ತೆ, ಯಾಕೆ ಅಂತ ಗೊತ್ತಾಗಲ್ಲ. ಉತ್ತರ ಇರೋದು ಕ್ರಮದಲ್ಲಿ.

ಸರಾಸರಿ 320.0 ಬಂತು. ಅಂದ್ರೆ ಚಕ್ರದ ಸುತ್ತಳತೆ ಸರಿ ಇದೆ, ಅದನ್ನು ಮುಟ್ಟೋದು ಬೇಡ. ಚುಕ್ಕಿಗಳಲ್ಲಿ 5 ತುಂಡಿಗೊಮ್ಮೆ ಮರುಕಳಿಸುವ ಸಣ್ಣ ಅಲೆ ಇತ್ತು, ಹೆಚ್ಚುಕಮ್ಮಿ 0.1ರಷ್ಟು. 5 ತುಂಡು ಅಂದ್ರೆ 1600 ಮಿ.ಮೀ., ಅಂದ್ರೆ ಅಳತೆ ಚಕ್ರದ ಸರಿಯಾಗಿ 4 ಸುತ್ತು. ಚಕ್ರ ಕೇಂದ್ರದಿಂದ ಚೂರು ಸರಿದು ಕೂತಿದೆ ಅಂತ ಅರ್ಥ. ಡಯಲ್ ಗೇಜ್ ಇಟ್ಟು ತಿರುಗಿಸಿದಾಗ ಮುಳ್ಳು ಒಟ್ಟು 0.2 ಆಡಿತು, ಲೆಕ್ಕ ಕೂಡಿತು. ನಮ್ಮ ಮಿತಿಯೊಳಗೇ ಇದ್ದಿದ್ದರಿಂದ ಆಗ ಬಿಟ್ಟೆವು. ಒಂದು ಮಾತು ಮಾತ್ರ ನೆನಪಿಡಿ: ತುಂಡಿನ ಉದ್ದ ಚಕ್ರದ ಸುತ್ತಳತೆಗೆ ಸಮ ಅಥವಾ ಅದರ ಎರಡು ಮೂರು ಪಟ್ಟು ಇದ್ದರೆ ಈ ಅಲೆ ಪೂರ್ತಿ ಮಾಯ ಆಗುತ್ತೆ, ಯಾಕಂದ್ರೆ ಪ್ರತಿ ಕಟ್‌ಗೂ ಚಕ್ರ ಅದೇ ಕೋನದಲ್ಲಿರುತ್ತೆ. 400 ಮಿ.ಮೀ. ತುಂಡು ಪಕ್ಕಾ ಬರುತ್ತೆ, 320 ಮಾತ್ರ ಅಲುಗುತ್ತೆ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಚಕ್ರವನ್ನೇ ನೋಡೋದು.

ವೇಗ ಏರಿಸುವಾಗ ಉದ್ದ ಬರುವ ತುಂಡುಗಳು

ಈಗ ಮೊದಲ ದೂರು. ಸ್ಥಿರ ವೇಗದಲ್ಲಿ ಸರಿ, ವೇಗ ಏರುವಾಗ ಉದ್ದ. ತಡ ವೇಗದ ಜೊತೆ ಬೆಳೀತಿದೆ ಅಂತಲೇ ಅರ್ಥ ಅಲ್ವಾ? ಸಿಸ್ಟಮ್‌ನಲ್ಲಿ ಎಲ್ಲೋ ಕೆಲವು ಮಿಲಿಸೆಕೆಂಡ್ ಹಾಳಾಗ್ತಿದೆ. ಅಷ್ಟು ಹೊತ್ತಿನಲ್ಲಿ ಹಾಳೆ ಎಷ್ಟು ಮುಂದೆ ಹೋಗುತ್ತೋ ಅಷ್ಟು ತಡ. ನಿಧಾನಕ್ಕೆ ಓಡುವಾಗ ಕಮ್ಮಿ, ಜೋರಾಗಿ ಓಡುವಾಗ ಜಾಸ್ತಿ. ವೇಗ ಏರ್ತಾ ಇರುವಷ್ಟು ಹೊತ್ತು ಪ್ರತಿ ಕಟ್ ಹಿಂದಿನದಕ್ಕಿಂತ ಚೂರು ಜಾಸ್ತಿ ತಡ, ಹಾಗಾಗಿ ಪ್ರತಿ ತುಂಡೂ ಚೂರು ಉದ್ದ. ವೇಗ ಇಳಿಸುವಾಗ ಅಷ್ಟೇ ಗಿಡ್ಡ.

ಆ ಮಿಲಿಸೆಕೆಂಡ್ ಎಷ್ಟು ಅಂತ ತಿಳಿಯೋಕೆ ಟೇಪ್ ಸಾಕು, ಆಸಿಲೋಸ್ಕೋಪ್ ಬೇಡ. ಈ ಪರೀಕ್ಷೆ ನನಗೆ ತುಂಬಾ ಇಷ್ಟ, ಯಾಕಂದ್ರೆ ಕಂಟ್ರೋಲರ್‌ನ ಒಳಗೆ ಏನಿದೆ ಅಂತ ಗೊತ್ತಿಲ್ಲದಿದ್ದರೂ ಇದು ಉತ್ತರ ಕೊಡುತ್ತೆ. ಲೈನ್ 30 ಮೀಟರ್ ವೇಗದಲ್ಲಿ ಸ್ಥಿರವಾಗಿ ಓಡಲಿ. ಅಲ್ಲಿಂದ 90ಕ್ಕೆ 4 ಸೆಕೆಂಡಿನಲ್ಲಿ ಏರಿಸಿ. ಏರಿಕೆಗೆ ಮುಂಚಿನ ಮೂರು ನಾಲ್ಕು ತುಂಡು, ಏರಿಕೆಯ ಎಲ್ಲ ತುಂಡು, ನಂತರದ ಮೂರು ನಾಲ್ಕು ತುಂಡು, ಒಂದೂ ಬಿಡದೆ ಎತ್ತಿಕೊಳ್ಳಿ. ಎಲ್ಲವನ್ನೂ ಅಳೆದು ಕೂಡಿಸಿ. 120 ತನಕ ಹೋಗದೆ 90ಕ್ಕೆ ನಿಲ್ಲಿಸಿದ್ದು ಬೇಕಂತಲೇ. 120ರಲ್ಲಿ ಇನ್ನೊಂದು ತೊಂದರೆ ಇದೆ ಅಂತ ಗೊತ್ತಿತ್ತು, ಎರಡನ್ನೂ ಬೆರೆಸೋದು ಬೇಡ ಅಂತ.

ನಮಗೆ 20 ತುಂಡು ಸಿಕ್ಕವು. ಲೆಕ್ಕದ ಪ್ರಕಾರ 6400 ಮಿ.ಮೀ. ಆಗಬೇಕು, 6406 ಬಂತು. 6 ಮಿ.ಮೀ. ಜಾಸ್ತಿ. ವೇಗ ಬದಲಾಗಿದ್ದು ನಿಮಿಷಕ್ಕೆ 60 ಮೀಟರ್, ಅಂದ್ರೆ ಸೆಕೆಂಡಿಗೆ 1 ಮೀಟರ್. 6 ಮಿ.ಮೀ.ಯನ್ನು ಸೆಕೆಂಡಿಗೆ 1 ಮೀಟರ್‌ನಿಂದ ಭಾಗಿಸಿದರೆ 6 ಮಿಲಿಸೆಕೆಂಡ್. ಅಷ್ಟೇ ಲೆಕ್ಕ. ನಡುವಿನ ತುಂಡುಗಳ ತಪ್ಪು ಒಂದನ್ನೊಂದು ಹಿಡಿದು ಕೂಡಿಕೊಳ್ಳುತ್ತೆ, ಕೊನೆಗೆ ಉಳಿಯೋದು ಮೊದಲ ಕಟ್‌ನ ತಡ ಮತ್ತು ಕೊನೆಯ ಕಟ್‌ನ ತಡದ ವ್ಯತ್ಯಾಸ ಮಾತ್ರ.

ತುಂಡುಗಳನ್ನು ಒಂದೊಂದಾಗಿ ನೋಡಿದರೂ ಕಥೆ ಹೊಂದುತ್ತಿತ್ತು. ಏರಿಕೆಯ ಮೊದಲ ತುಂಡು ಸುಮಾರು 0.8 ಉದ್ದ, ಕೊನೆಯದು ಸುಮಾರು 0.3. ವೇಗ ಒಂದೇ ಸಮನಾಗಿ ಏರ್ತಾ ಇದ್ದರೂ ತಪ್ಪು ಕಮ್ಮಿ ಆಗ್ತಾ ಹೋಗುತ್ತೆ, ಯಾಕಂದ್ರೆ ಜೋರಾದ ಹಾಗೆ ಒಂದು ತುಂಡಿಗೆ ಹಿಡಿಯುವ ಹೊತ್ತು ಕಮ್ಮಿ, ಅಷ್ಟರಲ್ಲಿ ವೇಗ ಬದಲಾಗೋದೂ ಕಮ್ಮಿ. ಶುರುವಿನಲ್ಲಿ ದೊಡ್ಡದು, ಕೊನೆಗೆ ಚಿಕ್ಕದು, ಈ ಇಳಿಜಾರು ಕಂಡರೆ ಕಾರಣ ತಡವೇ ಅನ್ನೋದಕ್ಕೆ ಬಲ ಬರುತ್ತೆ.

ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಅಳತೆ ಚಕ್ರ ಜಾರಿದರೂ ಹೀಗೇ ಕಾಣುತ್ತೆ. ವೇಗ ಏರುವಾಗ ಚಕ್ರ ಹಾಳೆಗಿಂತ ಹಿಂದೆ ಬೀಳುತ್ತೆ, ತುಂಡು ಉದ್ದ ಆಗುತ್ತೆ. ಇಳಿಸುವಾಗ ಚಕ್ರ ತನ್ನ ಭಾರಕ್ಕೆ ಮುಂದೆ ಓಡುತ್ತೆ, ತುಂಡು ಗಿಡ್ಡ ಆಗುತ್ತೆ. ಎರಡನ್ನೂ ಬೇರ್ಪಡಿಸೋಕೆ ಅದೇ 30ರಿಂದ 90ರ ಏರಿಕೆಯನ್ನು 4ರ ಬದಲು 8 ಸೆಕೆಂಡಿನಲ್ಲಿ ಮಾಡಿ. ತಡ ಕಾರಣವಾಗಿದ್ದರೆ ಒಟ್ಟು ತಪ್ಪು ಅಷ್ಟೇ ಇರುತ್ತೆ, ತುಂಡುಗಳ ಸಂಖ್ಯೆ ಜಾಸ್ತಿಯಾಗಿ ಒಂದೊಂದರ ಪಾಲು ಕಮ್ಮಿ ಆಗುತ್ತೆ ಅಷ್ಟೆ. ಜಾರೋದು ಕಾರಣವಾಗಿದ್ದರೆ ನಿಧಾನ ಏರಿಕೆಯಲ್ಲಿ ಒಟ್ಟು ತಪ್ಪೇ ಇಳಿದುಬಿಡುತ್ತೆ. ನಮ್ಮಲ್ಲಿ 8 ಸೆಕೆಂಡಿನ ಏರಿಕೆಯಲ್ಲೂ 6ರ ಹತ್ತಿರವೇ ಬಂತು. ಚಕ್ರ ಜಾರ್ತಿಲ್ಲ ಅಂತ ಖಾತ್ರಿಯಾಯಿತು.

6 ಮಿಲಿಸೆಕೆಂಡ್ ಎಲ್ಲಿಂದ? ಎನ್‌ಕೋಡರ್ ದೂರದ ಇನ್‌ಪುಟ್ ಮಾಡ್ಯೂಲ್‌ಗೆ ಸೇರಿತ್ತು, ಮಾಡ್ಯೂಲ್, ಕಂಟ್ರೋಲರ್, ಡ್ರೈವ್ ಮಾತಾಡಿಕೊಳ್ಳುವ ಬಸ್‌ನ ಸುತ್ತು 2 ಮಿಲಿಸೆಕೆಂಡ್‌ಗೊಮ್ಮೆ. ಎಣಿಕೆ ಕಂಟ್ರೋಲರ್‌ಗೆ ಬರೋಕೆ ಒಂದು ಸುತ್ತು, ಕ್ಯಾಮ್ ಲೆಕ್ಕಕ್ಕೆ ಒಂದು, ಆದೇಶ ಮೋಟರ್ ಓಡಿಸುವ ಡ್ರೈವ್‌ಗೆ ಹೋಗೋಕೆ ಒಂದು. ಮೂರು ಸುತ್ತಿಗೆ 6. ನಿಮ್ಮಲ್ಲಿ ಮಾಸ್ಟರ್ ಸಿಗ್ನಲ್‌ಗೆ ಫಿಲ್ಟರ್ ಹಾಕಿದ್ದರೆ ಅದರ ಟೈಮ್ ಕಾನ್‌ಸ್ಟಂಟ್ ಕೂಡ ನೇರವಾಗಿ ಇದಕ್ಕೆ ಸೇರುತ್ತೆ. ಬ್ಲೇಡ್ ಚೂರು ನಡುಗುತ್ತೆ ಅಂತ ಯಾರೋ ಫಿಲ್ಟರನ್ನು 20 ಮಿಲಿಸೆಕೆಂಡ್‌ಗೆ ಏರಿಸಿರುತ್ತಾರೆ, ಅಲ್ಲಿಂದ ಏರಿಕೆಯ ತುಂಡುಗಳು ಕೆಡೋಕೆ ಶುರು. ತಪ್ಪು ಕಾಣುವ ತನಕ ಕಾಯದೆ ವೇಗದ ಆದೇಶವನ್ನು ನೇರವಾಗಿ ಕೊಡುವ ವೆಲಾಸಿಟಿ ಫೀಡ್‌ಫಾರ್ವರ್ಡ್ ಡ್ರೈವ್‌ನಲ್ಲಿ ಆಫ್ ಇದ್ದರೂ ಇದೇ ಥರದ ತಡ, ಇದಕ್ಕಿಂತ ದೊಡ್ಡದು. ಅದನ್ನು ಮೊದಲು ನೋಡಿ.

ಪರಿಹಾರ ಅಂದ್ರೆ ಕ್ಯಾಮ್‌ಗೆ ಕೊಡುವ ಮಾಸ್ಟರ್ ಜಾಗವನ್ನು ಮುಂದಕ್ಕೆ ಊಹಿಸಿ ಕೊಡೋದು:

```
x_cam = x_meas + v_filt * t_d      // t_d = 0.006 s
```

ಹೆಚ್ಚಿನ ಮೋಷನ್ ಕಂಟ್ರೋಲರ್‌ಗಳಲ್ಲಿ ಇದಕ್ಕೆ ಒಂದು ಪ್ಯಾರಾಮೀಟರ್ ಇರುತ್ತೆ, ಇಲ್ಲದಿದ್ದರೆ ಮೇಲಿನ ಸಾಲನ್ನು ಬರೆದರೂ ಆಯಿತು. ವೇಗದ ಸಿಗ್ನಲ್‌ನಲ್ಲಿ ಗದ್ದಲ ಇದ್ದರೆ ಅದೂ 6 ಮಿಲಿಸೆಕೆಂಡ್‌ನಿಂದ ಗುಣಿಸಿ ಬ್ಲೇಡಿಗೆ ಹೋಗುತ್ತೆ. ಅದಕ್ಕೇ ವೇಗಕ್ಕೆ ಮಾತ್ರ ಫಿಲ್ಟರ್ ಹಾಕಿ, ಜಾಗಕ್ಕೆ ಬೇಡ. ಹಾಕಿದ ಮೇಲೆ ಅದೇ 20 ತುಂಡಿನ ಪರೀಕ್ಷೆ ಮತ್ತೆ ಮಾಡಿದೆವು. 6400.3 ಬಂತು. ಏರಿಕೆಯ ತುಂಡುಗಳೆಲ್ಲ ಮಿತಿಯೊಳಗೆ.

120ರಲ್ಲಿ ಚೆಲ್ಲಾಪಿಲ್ಲಿ

ಎರಡನೇ ದೂರು ಹಾಗೇ ಉಳಿಯಿತು. ಸ್ಥಿರವಾಗಿ 120ರಲ್ಲಿ ಓಡಿಸಿದರೆ ಸರಾಸರಿ 320.0 ಇದೆ, ಆದರೆ ಒಂದು ತುಂಡು 319.5, ಮುಂದಿನದು 320.4, ಕ್ರಮವೇ ಇಲ್ಲ. ಪ್ರತಿ ತುಂಡಿನ ತಲೆ ಅಂಚಿನಲ್ಲಿ ಸುಕ್ಕು. 100ರಲ್ಲಿ ಒಂದೂ ಇಲ್ಲ. ಡ್ರಮ್ ಕಡೆಯಿಂದ ಪ್ರತಿ ಸುತ್ತಿಗೂ ಒಂದು ಮಂದ ಗುದ್ದು ಕೇಳುತ್ತಿತ್ತು, ಕೈ ಮೆಷಿನ್ ಚೌಕಟ್ಟಿನ ಮೇಲಿಟ್ಟರೆ ತಿಳಿಯುತ್ತಿತ್ತು.

100ರ ತನಕ ಚೆನ್ನಾಗಿದ್ದು 120ಕ್ಕೆ ದಿಢೀರ್ ಕೆಡೋದು ನೋಡಿದರೆ ಏನೋ ಮಿತಿಗೆ ತಾಗ್ತಿದೆ ಅನ್ನಿಸಬೇಕು. ಮಿತಿ ಎಲ್ಲಿದೆ ಅಂತ ಕ್ಯಾಮ್ ಲೆಕ್ಕವೇ ಹೇಳುತ್ತೆ. ಬ್ಲೇಡಿನ ಸುತ್ತು 480, ಹಾಳೆ ಹೋಗೋದು 320. ಒಂದು ಕಟ್‌ನಿಂದ ಇನ್ನೊಂದಕ್ಕೆ ಬ್ಲೇಡ್ ಹಾಳೆಗಿಂತ 160 ಮಿ.ಮೀ. ಜಾಸ್ತಿ ಓಡಬೇಕು. ಸಿಂಕ್ ವಲಯದಲ್ಲಿ ಜಾಸ್ತಿ ಓಡೋ ಹಾಗಿಲ್ಲ, ಅಲ್ಲಿ ವೇಗ ಸಮ. ಆ ವಲಯವನ್ನು 80 ಮಿ.ಮೀ. ಇಟ್ಟಿದ್ದರು. ಉಳಿದ 240 ಮಿ.ಮೀ. ಹಾಳೆ ಹೋಗುವಷ್ಟರಲ್ಲಿ ಬ್ಲೇಡ್ ಈ 160ನ್ನು ಗಳಿಸಿ, ಮತ್ತೆ ಹಾಳೆಯ ವೇಗಕ್ಕೆ ಇಳಿದು, ಸಮಾಧಾನವಾಗಿ ಸಿಂಕ್‌ಗೆ ಬರಬೇಕು. ಕ್ಯಾಮ್ 5ನೇ ಘಾತದ ಬಹುಪದಿ. ಸಿಂಕ್ ಬಿಟ್ಟ ಮೇಲೆ ಹಾಳೆ ಹೋದ ದೂರ x, ಬ್ಲೇಡ್ ಹೋದ ದೂರ s, ಹಾಳೆಯ ವೇಗ v:

```
u = x / X                       // X = 240 mm
s = x + D*(10*u^3 - 15*u^4 + 6*u^5)   // D = 160 mm
ratio_max = 1 + 1.875 * D / X
a_max = 5.77 * D * v^2 / X^2
```

ಈ ಬಹುಪದಿಯ ಒಳ್ಳೇ ಗುಣ ಅಂದ್ರೆ ಎರಡೂ ತುದಿಯಲ್ಲಿ ವೇಗೋತ್ಕರ್ಷ ಸೊನ್ನೆ, ಹಾಗಾಗಿ ಸಿಂಕ್ ವಲಯದ ಜೊತೆ ಬೆಸುಗೆಯಲ್ಲಿ ಜಿಗಿತ ಇಲ್ಲ. ಯಾರಾದರೂ 3ನೇ ಘಾತದ್ದು ಹಾಕಿದ್ದರೆ ಬೆಸುಗೆಯಲ್ಲೇ ಟಾರ್ಕ್ ಜಿಗಿದು ಗುದ್ದು ಬರುತ್ತೆ, ಅದು ನಿಧಾನ ವೇಗದಲ್ಲೂ ಸ್ವಲ್ಪ ಕೇಳುತ್ತೆ. ನಮ್ಮದು 5ನೆಯದೇ ಇತ್ತು, ಹಾಗಾಗಿ ಗುದ್ದಿಗೆ ಬೇರೆ ಕಾರಣ ಹುಡುಕಬೇಕಿತ್ತು.

ಲೆಕ್ಕ ಹಾಕಿ. ಬ್ಲೇಡಿನ ಗರಿಷ್ಠ ವೇಗ ಹಾಳೆಯ 2.25 ಪಟ್ಟು. ವೇಗೋತ್ಕರ್ಷ ಹಾಳೆಯ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತೆ. ಸೆಕೆಂಡಿಗೆ 1 ಮೀಟರ್‌ನಲ್ಲಿ ಬ್ಲೇಡ್ ತುದಿಗೆ ಬೇಕಾದದ್ದು ಸುಮಾರು 16 ಮೀಟರ್ ಪ್ರತಿ ಸೆಕೆಂಡ್ ವರ್ಗ, 2 ಮೀಟರ್‌ನಲ್ಲಿ 64. ವೇಗ ಎರಡು ಪಟ್ಟಾದರೆ ಟಾರ್ಕ್ ನಾಲ್ಕು ಪಟ್ಟು. ಡ್ರಮ್ ಮತ್ತು ಮೋಟರ್ ಸೇರಿ ಡ್ರಮ್ ಶಾಫ್ಟ್‌ನಲ್ಲಿ ಜಡತ್ವ 0.05 ಕೆ.ಜಿ. ಚದರ ಮೀಟರ್, ತ್ರಿಜ್ಯ 76.4 ಮಿ.ಮೀ. ಹಾಗಾದರೆ 60ರ ವೇಗದಲ್ಲಿ ಬೇಕಾದ ಟಾರ್ಕ್ ಸುಮಾರು 10.5 ನ್ಯೂಟನ್ ಮೀಟರ್, 120ರಲ್ಲಿ 42. ಡ್ರೈವ್‌ನ ಮಿತಿ 36. ಘರ್ಷಣೆ ಬಿಟ್ಟರೂ ಸುಮಾರು 111ರ ವೇಗದಲ್ಲೇ ಮಿತಿ ಮುಟ್ಟುತ್ತೆ. 100ರಲ್ಲಿ ಸರಿ, 120ರಲ್ಲಿ ಕೆಟ್ಟದ್ದು ಯಾಕೆ ಅಂತ ಗೊತ್ತಾಯಿತಲ್ಲ.

ಲೆಕ್ಕ ನಂಬೋದಕ್ಕಿಂತ ಟ್ರೇಸ್, ಅಂದ್ರೆ ಓಡುವಾಗ ದಾಖಲಾದ ಗೆರೆಗಳನ್ನು, ನೋಡೋದು ಒಳ್ಳೇದು. ಬ್ಲೇಡಿನ ಆದೇಶದ ವೇಗ, ನಿಜವಾದ ವೇಗ, ಆದೇಶದ ಜಾಗಕ್ಕೂ ನಿಜವಾದ ಜಾಗಕ್ಕೂ ಇರುವ ಅಂತರವಾದ ಫಾಲೋಯಿಂಗ್ ಎರರ್ ಮತ್ತು ಟಾರ್ಕ್, ಈ ನಾಲ್ಕನ್ನೂ ಒಂದೇ ಟ್ರೇಸ್‌ನಲ್ಲಿ ಹಿಡಿದೆವು. 100ರಲ್ಲಿ ಟಾರ್ಕ್ ದುಂಡಗಿನ ಗುಡ್ಡ, ಆಮೇಲೆ ದುಂಡಗಿನ ಕಣಿವೆ. 120ರಲ್ಲಿ ಗುಡ್ಡದ ತಲೆ ಮತ್ತು ಕಣಿವೆಯ ತಳ ಎರಡೂ ಚಾಕುವಿನಲ್ಲಿ ಕೊಯ್ದ ಹಾಗೆ ಚಪ್ಪಟೆ, ಸರಿಯಾಗಿ 36ರಲ್ಲಿ. ನಮಗೆ ಮುಖ್ಯವಾದದ್ದು ಕಣಿವೆ, ಯಾಕಂದ್ರೆ ಕಟ್‌ಗೆ ಮುಂಚೆ ಬ್ಲೇಡ್ ಬ್ರೇಕ್ ಹಾಕ್ತಾ ಇರುತ್ತೆ. ಬ್ರೇಕ್ ಸಾಲದೆ ಬ್ಲೇಡ್ ತನ್ನ ಜಾಗಕ್ಕಿಂತ ಮುಂದೆ ಹೋಗಿಬಿಡುತ್ತೆ. ಸಿಂಕ್ ವಲಯಕ್ಕೆ ಕಾಲಿಡುವಾಗ 1.4 ಮಿ.ಮೀ. ಮುಂದಿತ್ತು, ಕಟ್ ಬಿಂದುವಿನಲ್ಲಿ ಇನ್ನೂ 0.5 ಮುಂದಿತ್ತು.

ಇಲ್ಲಿ ನಾನು ಸ್ವಲ್ಪ ಹೊತ್ತು ತಡೆದೆ. ಬ್ಲೇಡ್ ಮುಂದಿದೆ ಅಂದ್ರೆ ಅದು ಜೋರಾಗಿ ಓಡ್ತಿದೆ, ಹಾಗಾದರೆ ಅಂಚು ಎಳೆದ ಹಾಗೆ ಇರಬೇಕು, ಸುಕ್ಕು ಯಾಕೆ ಅಂತ. ಟ್ರೇಸನ್ನು ದೊಡ್ಡದು ಮಾಡಿ ನೋಡಿದಾಗ ಗೊತ್ತಾಯಿತು. ಸಿಂಕ್ ಒಳಗೆ ಬಂದ ಮೇಲೆ ಕಂಟ್ರೋಲರ್ ಆ 1.4ನ್ನು ವಾಪಸ್ ತರೋಕೆ ನೋಡುತ್ತೆ, ಅಂದ್ರೆ ಬ್ಲೇಡನ್ನು ಹಾಳೆಗಿಂತ ನಿಧಾನ ಓಡಿಸುತ್ತೆ. ವಲಯದ ನಡುವಿನ ಕಟ್ ಬಿಂದು ತನಕದ 40 ಮಿ.ಮೀ. ದಾರಿಯಲ್ಲಿ 0.9 ವಾಪಸ್ ತಂದಿದೆ, ವೇಗದಲ್ಲಿ ಸುಮಾರು ಶೇಕಡಾ 2 ಕಮ್ಮಿ. ಕಟ್ ಆಗುವ ಕ್ಷಣದಲ್ಲಿ ಬ್ಲೇಡ್ ಜಾಗದಲ್ಲಿ ಮುಂದಿದೆ, ವೇಗದಲ್ಲಿ ಹಿಂದಿದೆ. ಹಾಳೆ ಹಿಂದಿನಿಂದ ಬಂದು ಒತ್ತುತ್ತೆ, ಸುಕ್ಕು ಬೀಳುತ್ತೆ. ಫಾಲೋಯಿಂಗ್ ಎರರ್‌ನ ಬೆಲೆ ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ, ಅದರ ಇಳಿಜಾರು ನೋಡಿ. ಅಂಚನ್ನು ಕೆಡಿಸೋದು ಇಳಿಜಾರು.

ಉದ್ದದ ಸರಾಸರಿ ಸರಿ ಇದ್ದದ್ದೂ ಈಗ ಹೊಂದುತ್ತೆ. ಪ್ರತಿ ಕಟ್ ಸುಮಾರು 0.5 ಮುಂದೆ, ಹಾಗಾಗಿ ಅಂತರ ಬದಲಾಗಲ್ಲ. ಆದರೆ ಟಾರ್ಕ್ ಮಿತಿಗೆ ತಾಗಿದ ಹೊತ್ತಿನಲ್ಲಿ ಬ್ಲೇಡ್ ಯಾರ ಹಿಡಿತದಲ್ಲೂ ಇಲ್ಲ. ಘರ್ಷಣೆ, ಡ್ರೈವ್‌ನ ಒಳಗಿನ ವೋಲ್ಟೇಜ್ ಚೂರು ಆಡಿದರೂ ಆ 0.5 ಒಮ್ಮೆ 0.2, ಒಮ್ಮೆ 0.8 ಆಗುತ್ತೆ. ಸುಕ್ಕುಗಟ್ಟಿದ ಹಾಳೆ ಇನ್ನಷ್ಟು ಸೇರಿಸುತ್ತೆ. ಅಲ್ಲಿಂದ ಚೆಲ್ಲಾಪಿಲ್ಲಿ.

ಸಿಂಕ್ ವಲಯ ಎಷ್ಟು ಬೇಕು

ದೊಡ್ಡ ಮೋಟರ್ ಹಾಕಿ ಅನ್ನೋದು ಸುಲಭ. ಅದಕ್ಕೆ ಮುಂಚೆ ಸಿಂಕ್ ವಲಯ ನೋಡಿ. 160 ಮಿ.ಮೀ. ಅನ್ನೋದು ಬದಲಾಗಲ್ಲ, ಅದು 480 ಮತ್ತು 320ರ ವ್ಯತ್ಯಾಸ. ಬದಲಾಗೋದು ಅದನ್ನು ಗಳಿಸೋಕೆ ಸಿಗುವ ದಾರಿ. ಸಿಂಕ್ ಕಮ್ಮಿ ಮಾಡಿದಷ್ಟೂ ದಾರಿ ಜಾಸ್ತಿ, ಮತ್ತು ವೇಗೋತ್ಕರ್ಷ ದಾರಿಯ ವರ್ಗಕ್ಕೆ ತಕ್ಕ ಹಾಗೆ ಇಳಿಯುತ್ತೆ.

ಎಷ್ಟು ಕಮ್ಮಿ ಮಾಡಬಹುದು ಅಂತ ಬ್ಲೇಡ್ ಹೇಳುತ್ತೆ. ರಟ್ಟಿನ ದಪ್ಪ 0.5, ಬ್ಲೇಡ್ ಅದನ್ನು ದಾಟಿ 0.2 ಕೆಳಗೆ ಇಳಿಯುತ್ತೆ, ಒಟ್ಟು 0.7. 76.4 ತ್ರಿಜ್ಯದ ವೃತ್ತದಲ್ಲಿ 0.7 ಆಳಕ್ಕೆ ಬ್ಲೇಡ್ ತಾಗಿರೋದು ಕಟ್ ಬಿಂದುವಿನ ಎರಡೂ ಕಡೆ ಸುಮಾರು 10 ಮಿ.ಮೀ. ಅಂದ್ರೆ ನಿಜವಾಗಿ ಬೇಕಾದದ್ದು 20ರಷ್ಟು. 80 ಇಟ್ಟಿದ್ದು ಹಿಂದೆ ಯಾವುದೋ ದಪ್ಪ ಮಾಲಿಗೆ ಇಟ್ಟದ್ದಿರಬೇಕು, ಹಾಗೇ ಉಳಿದುಬಿಟ್ಟಿತ್ತು.

ನಾವು 40ಕ್ಕೆ ಇಳಿಸಿದೆವು, ಆದರೆ ಸರಿಸಮ ಅಲ್ಲ. ಕಟ್ ಬಿಂದುವಿಗೆ ಮುಂಚೆ 25, ಆಮೇಲೆ 15. ಮುಂಚೆ ಜಾಸ್ತಿ ಬೇಕು, ಯಾಕಂದ್ರೆ ಬ್ರೇಕ್ ಹಾಕಿ ಬಂದ ಬ್ಲೇಡ್‌ಗೆ ನೆಲೆಗೊಳ್ಳೋಕೆ ಹೊತ್ತು ಬೇಕು. 25ರಲ್ಲಿ ತಾಗುವ 10 ಕಳೆದರೆ 15 ಮಿ.ಮೀ., 2 ಮೀಟರ್ ವೇಗದಲ್ಲಿ 7.5 ಮಿಲಿಸೆಕೆಂಡ್. ಕಟ್ ಆದ ಮೇಲೆ ಬ್ಲೇಡ್ ಹಾಳೆಯಿಂದ ಹೊರಬಂದರೆ ಸಾಕು, 5 ಮಿ.ಮೀ. ಅಂತರ ಧಾರಾಳ. ಈಗ ದಾರಿ 280. ಬೇಕಾದ ಟಾರ್ಕ್ 42ರಿಂದ ಸುಮಾರು 31ಕ್ಕೆ ಇಳಿಯಿತು, ಗರಿಷ್ಠ ವೇಗ 2.25 ಪಟ್ಟಿನಿಂದ 2.07ಕ್ಕೆ. ಟ್ರೇಸ್‌ನಲ್ಲಿ ಘರ್ಷಣೆಯೂ ಸೇರಿ 33ರಷ್ಟು ಕಂಡಿತು. ಗುಡ್ಡ ಮತ್ತೆ ದುಂಡಗಾಯಿತು. ತಾಗುವ ಹೊತ್ತಿಗೆ ಫಾಲೋಯಿಂಗ್ ಎರರ್ 0.1ರ ಒಳಗೆ ಮತ್ತು ಹೆಚ್ಚುಕಮ್ಮಿ ಸಮತಟ್ಟು. ಗುದ್ದು ನಿಂತಿತು, ಸುಕ್ಕು ಹೋಯಿತು, 120ರಲ್ಲಿ 30 ತುಂಡು ಅಳೆದಾಗ ಉಳಿದದ್ದು ಚಕ್ರದ ಆ 5 ತುಂಡಿನ ಅಲೆಯೇ.

ಹಾಳೆ ದಪ್ಪ ಇದ್ದರೆ ಈ ಆಟ ಇಷ್ಟು ಸುಲಭ ಅಲ್ಲ. ತಾಗುವ ದಾರಿ ಉದ್ದ ಆಗುತ್ತೆ, ಬ್ಲೇಡ್ ವೃತ್ತದಲ್ಲಿ ಹೋಗೋದರಿಂದ ಅದರ ಅಡ್ಡ ವೇಗ ಕೋನದ ಕೊಸೈನ್‌ನಷ್ಟು ಕಮ್ಮಿ ಆಗುತ್ತೆ, ಸಿಂಕ್ ಒಳಗೇ ಅದನ್ನು ಸರಿದೂಗಿಸಬೇಕಾಗುತ್ತೆ. 10 ಮಿ.ಮೀ. ಆಚೀಚೆ ಅದು ಶೇಕಡಾ 1ಕ್ಕಿಂತ ಕಮ್ಮಿ, ನಮ್ಮ ರಟ್ಟಿಗೆ ಬೇಕಿರಲಿಲ್ಲ. ಓರೆಯಾಗಿ ಕೂರಿಸಿದ ಬ್ಲೇಡ್ ಆದರೆ ಒಂದು ತುದಿಯಿಂದ ಇನ್ನೊಂದು ತುದಿ ತನಕ ಕತ್ತರಿಸುವಷ್ಟು ಸಿಂಕ್ ಬೇಕೇ ಬೇಕು, ಅಲ್ಲಿ ಕೈ ಹಾಕಬೇಡಿ.

ಉದ್ದ ತುಂಡಿನ ಕಡೆ ಇನ್ನೊಂದು ಗಡಿ ಇದೆ. ತುಂಡು 480ಕ್ಕಿಂತ ಉದ್ದ ಆದರೆ ಬ್ಲೇಡ್ ನಿಧಾನ ಆಗಬೇಕು. ಇದೇ ಬಹುಪದಿಯಲ್ಲಿ, 40ರ ಸಿಂಕ್‌ನಲ್ಲಿ, ತುಂಡು ಸುಮಾರು 983 ದಾಟಿದರೆ ಬ್ಲೇಡ್ ನಡುವೆ ಹಿಂದಕ್ಕೆ ತಿರುಗೋಕೆ ಶುರು ಮಾಡುತ್ತೆ. ಕಂಡರೆ ಹೆದರಬೇಡಿ, ಕ್ಯಾಮ್ ಕೇಳಿದ್ದನ್ನೇ ಮಾಡ್ತಿದೆ. ಆ ಉದ್ದಗಳಿಗೆ ನಡುವೆ ಬ್ಲೇಡ್ ನಿಲ್ಲುವ ಒಂದು ತುಣುಕು ಸೇರಿಸಿ ಬೇರೆ ಪ್ರೊಫೈಲ್ ಮಾಡಿ.

ಕೊನೆಗೆ ಮಾಡಿದ ಕೆಲಸ ಒಂದು ಉಳಿದಿದೆ. ಉದ್ದ ತುಂಬುವ ಜಾಗದಲ್ಲೇ ಆ ಉದ್ದಕ್ಕೆ ಲೈನ್ ಎಷ್ಟು ವೇಗ ಓಡಬಹುದು ಅಂತ ಮೇಲಿನ ಸೂತ್ರದಿಂದಲೇ ಲೆಕ್ಕ ಹಾಕಿ, ಅದಕ್ಕಿಂತ ಮೇಲೆ ಹೋಗದ ಹಾಗೆ ಕಟ್ಟುಹಾಕಿದೆವು. ಮಿತಿಯನ್ನು 36 ಅಂತ ಇಡದೆ ಘರ್ಷಣೆಗೂ ಉಳಿಕೆಗೂ ಬಿಟ್ಟು 32 ಅಂತ ಇಟ್ಟೆವು. 320ಕ್ಕೆ 120 ಸಿಗುತ್ತೆ. 280 ತುಂಬಿದರೆ ಗಳಿಸಬೇಕಾದದ್ದು 200 ಮಿ.ಮೀ., ದಾರಿ 240, ಆಗ ಲೈನ್ ತಾನಾಗೇ 93 ಮೀಟರ್‌ಗೆ ನಿಲ್ಲುತ್ತೆ, ಯಾಕೆ ಅಂತ ಪರದೆ ಮೇಲೆ ಒಂದು ಸಾಲೂ ಬರುತ್ತೆ.